ಓಲಾಡದ ಓವನ್: ಕಂಟ್ರೋಲರ್ ಆಯ್ಕೆಗೆ ಯೂಲಾ ತೋರಿದ ದಾರಿ

ಪ್ರಯೋಗಾಲಯಗಳಲ್ಲಿ ಮಣ್ಣು, ಧಾನ್ಯ, ಔಷಧಿಗಳ ಮಾದರಿ ಒಣಗಿಸಲು ಹಾಟ್ ಏರ್ ಓವನ್ ಇರುತ್ತದೆ. ಅಂಥದೊಂದನ್ನು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಕೋಣೆಯ ಉಷ್ಣತೆ 25 ಡಿಗ್ರಿ. ಹೀಟರ್ ಅರ್ಧ ಶಕ್ತಿಯಲ್ಲಿ, ಅಂದರೆ ಶೇಕಡಾ 50ರಲ್ಲಿ ಉರಿದರೆ ಓವನ್ 125 ಡಿಗ್ರಿಗೆ ಬಂದು ನಿಲ್ಲುತ್ತದೆ. ಶಕ್ತಿಯನ್ನು ಶೇಕಡಾ 1ರಷ್ಟು ಹೆಚ್ಚಿಸಿದರೆ ಉಷ್ಣತೆ ಕೊನೆಗೆ 2 ಡಿಗ್ರಿ ಏರುತ್ತದೆ. ಆದರೆ ತಕ್ಷಣ ಏರುವುದಿಲ್ಲ, ಏರಬೇಕಾದ್ದರಲ್ಲಿ ಸುಮಾರು ಶೇಕಡಾ 63ರಷ್ಟನ್ನು ಮುಟ್ಟಲು 10 ನಿಮಿಷ ಬೇಕು. ಈ ಎರಡು ಸಂಖ್ಯೆಗಳನ್ನು ಎಂಜಿನಿಯರುಗಳು P = 2/(10s + 1) ಎಂದು ಒಂದೇ ಸಾಲಿನಲ್ಲಿ ಬರೆದಿಡುತ್ತಾರೆ. ಇದರಲ್ಲಿ s ಎಂಬುದು ಕಾಲದೊಂದಿಗೆ ಆಗುವ ಬದಲಾವಣೆಯ ಗುರುತು. ನಿಯಂತ್ರಿಸಬೇಕಾದ ವಸ್ತು ಯಾವುದೇ ಇರಲಿ, ಅದನ್ನು ಅವರು ‘ಪ್ಲಾಂಟ್’ ಎನ್ನುತ್ತಾರೆ. ನಮ್ಮ ಓವನ್ ಸ್ಥಿರ ಪ್ಲಾಂಟ್: ಯಾರೂ ಮುಟ್ಟದಿದ್ದರೆ ತಾನಾಗಿ ಒಂದು ಉಷ್ಣತೆಗೆ ಬಂದು ನಿಲ್ಲುತ್ತದೆ.

ಇದಕ್ಕೆ ಕಂಟ್ರೋಲರ್ ಜೋಡಿಸಿದಾಗ ಕಷ್ಟ ಶುರುವಾಗುತ್ತದೆ. ಕಂಟ್ರೋಲರ್ ಬೇಕಾದ ಉಷ್ಣತೆಗೂ ಇರುವ ಉಷ್ಣತೆಗೂ ನಡುವಿನ ಅಂತರ ನೋಡಿ ಹೀಟರಿಗೆ ಆಜ್ಞೆ ಕೊಡುತ್ತದೆ. ಆಜ್ಞೆಯಿಂದ ಉಷ್ಣತೆ ಬದಲಾಗುತ್ತದೆ, ಬದಲಾದ ಉಷ್ಣತೆಯಿಂದ ಮುಂದಿನ ಆಜ್ಞೆ ಬದಲಾಗುತ್ತದೆ. ಹೀಗೆ ಸುತ್ತು ಮುಚ್ಚಿಕೊಂಡ ಮೇಲೆ, ಸ್ಥಿರವಾಗಿದ್ದ ಪ್ಲಾಂಟ್ ಕೂಡ ಓಲಾಡತೊಡಗಬಹುದು. ಹಾಗಾಗಿ ಕಂಟ್ರೋಲರಿನ ತಿರುಪು ಒಂದೊಂದನ್ನೂ ತಿರುಗಿಸಿದಾಗಲೆಲ್ಲ ಎರಡು ಪ್ರಶ್ನೆ ಒಟ್ಟಿಗೆ ಏಳುತ್ತವೆ: ಸುತ್ತು ಸ್ಥಿರವಾಗಿದೆಯೇ? ಕೆಲಸ ಚೆನ್ನಾಗಿ ಆಗುತ್ತಿದೆಯೇ? ಈ ಎರಡನ್ನು ಬೇರ್ಪಡಿಸಿ, ಮೊದಲನೆಯದನ್ನು ಒಂದೇ ಸಲಕ್ಕೆ ಬಗೆಹರಿಸಿಬಿಡುವ ದಾರಿಯೊಂದಿದೆ.

ಸ್ಥಿರ ಪ್ಲಾಂಟ್‌ಗಳ ಮಟ್ಟಿಗೆ ಈ ಯೋಚನೆ ನ್ಯೂಟನ್, ಗೌಲ್ಡ್ ಮತ್ತು ಕೈಸರ್ 1957ರಲ್ಲಿ ಬರೆದ ಪುಸ್ತಕದಲ್ಲೇ ಇತ್ತು. ಸ್ಥಿರವಲ್ಲದ ಪ್ಲಾಂಟ್‌ಗಳಿಗೂ ಅದನ್ನು ವಿಸ್ತರಿಸಿದವರು ಅಮೆರಿಕದ ಡಾಂಟೆ ಯೂಲಾ ಮತ್ತು ಸಂಗಡಿಗರು, 1976ರಲ್ಲಿ. ಅದೇ ದಶಕದಲ್ಲಿ ಪ್ರಾಗ್‌ನ ವ್ಲಾಡಿಮಿರ್ ಕುಚೆರಾ ಸ್ವತಂತ್ರವಾಗಿ ಅಲ್ಲಿಗೇ ತಲುಪಿದ್ದರು. ಈ ದಾರಿಯನ್ನು ಒಂದು ಪೂರ್ಣ ಶಾಸ್ತ್ರವಾಗಿ ಕಟ್ಟಿ 1985ರಲ್ಲಿ ಪುಸ್ತಕ ತಂದ ಎಂ. ವಿದ್ಯಾಸಾಗರ್, ಮುಂದೆ 1989ರಿಂದ ಬೆಂಗಳೂರಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯ ‘ಕೇರ್’ನ ನಿರ್ದೇಶಕರಾಗಿದ್ದರು.

ಉಪಾಯ ಹೀಗಿದೆ. ನಿಜವಾದ ಓವನ್ ಪಕ್ಕದಲ್ಲಿ, ಕಂಪ್ಯೂಟರಿನೊಳಗೆ, ಅದರದೇ ಒಂದು ಲೆಕ್ಕದ ಪ್ರತಿಯನ್ನು ಓಡಿಸಬೇಕು. ಹೀಟರಿಗೆ ಹೋಗುವ ಆಜ್ಞೆಯೇ ಈ ಪ್ರತಿಗೂ ಹೋಗುತ್ತದೆ. ಓವನ್ ತೋರಿಸಿದ ಉಷ್ಣತೆಯಿಂದ ಪ್ರತಿ ಹೇಳಿದ ಉಷ್ಣತೆಯನ್ನು ಕಳೆದರೆ ಏನು ಉಳಿಯುತ್ತದೆ? ಪ್ರತಿ ಸರಿಯಾಗಿದ್ದರೆ, ನಾವು ಕೊಟ್ಟ ಆಜ್ಞೆಯ ಪರಿಣಾಮ ಎರಡರಲ್ಲೂ ಒಂದೇ ಆದ್ದರಿಂದ ಕಳೆದುಹೋಗುತ್ತದೆ. ಉಳಿಯುವುದು ಹೊರಗಿನ ಅಡಚಣೆಯಿಂದ ಆದ ವ್ಯತ್ಯಾಸ ಮಾತ್ರ: ಯಾರೋ ಬಾಗಿಲು ತೆರೆದರು, ವೋಲ್ಟೇಜ್ ಕುಸಿಯಿತು, ಇಂಥದ್ದು. ಬೇಕಾದ ಉಷ್ಣತೆಯಿಂದ ಈ ವ್ಯತ್ಯಾಸವನ್ನು ಕಳೆದು, ಬಂದದ್ದನ್ನು Q ಎಂಬ ಒಂದು ಫಿಲ್ಟರಿನ ಮೂಲಕ ಹಾಯಿಸಿದರೆ ಹೀಟರಿನ ಆಜ್ಞೆ ಸಿದ್ಧ.

ಈಗ ಗಮನಿಸಬೇಕಾದ ಮಾತು: ನಮ್ಮ ಆಜ್ಞೆಯ ಪರಿಣಾಮ ನಮ್ಮ ಬಳಿಗೆ ಮರಳಿ ಬರುತ್ತಲೇ ಇಲ್ಲ. ಅಂದ ಮೇಲೆ ಓಲಾಟ ಬೆಳೆಯಲು ಸುತ್ತೇ ಇಲ್ಲ. ಸಂಕೇತಗಳೆಲ್ಲ Q ಮತ್ತು P ಮೂಲಕ ಹಾಯ್ದು ಹೋಗುತ್ತವೆ. Q ಸ್ಥಿರ, P ಸ್ಥಿರ. ಸ್ಥಿರವಾದವುಗಳನ್ನು ಎಷ್ಟು ಗುಣಿಸಿದರೂ ಕೂಡಿಸಿದರೂ ಬರುವುದು ಸ್ಥಿರವೇ. ಇದನ್ನು ಹಳೆಯ ರೀತಿಯ ಕಂಟ್ರೋಲರ್ C ಆಗಿ ಬರೆದರೆ C = Q/(1 − PQ) ಆಗುತ್ತದೆ. Q ಯಾವ ಸ್ಥಿರ ಫಂಕ್ಷನ್ ಆದರೂ ಸರಿ, ಈ C ಓವನ್ನನ್ನು ಸ್ಥಿರವಾಗಿಯೇ ಇಡುತ್ತದೆ.

ತಿರುಗಿಸಿ ನೋಡಿದರೂ ಮಾತು ನಿಲ್ಲುತ್ತದೆ. ಯಾರೋ ಬೇರೆ ದಾರಿಯಿಂದ, ಅನುಭವದಿಂದಲೇ ಆಗಲಿ, ಒಂದು ಒಳ್ಳೆಯ ಕಂಟ್ರೋಲರ್ ಮಾಡಿದ್ದಾರೆ ಎನ್ನಿ. ಅದರಿಂದ Q = C/(1 + PC) ಎಂದು ಲೆಕ್ಕ ಹಾಕಬಹುದು. ಇದು ಬೇಕಾದ ಉಷ್ಣತೆಯಿಂದ ಹೀಟರಿನ ಆಜ್ಞೆಯವರೆಗಿನ ಸಂಬಂಧವೇ ಆಗಿದೆ. ಅವರ ಸುತ್ತು ಸ್ಥಿರವಾಗಿದ್ದರೆ ಈ Q ಸ್ಥಿರವಾಗಿರಲೇಬೇಕು. ಹೀಗಾಗಿ ನಮ್ಮ ಪಟ್ಟಿಯಿಂದ ಸರಿಯಾದ ಕಂಟ್ರೋಲರ್ ಒಂದೂ ಬಿಟ್ಟುಹೋಗಿಲ್ಲ, ಕೆಟ್ಟದ್ದು ಒಂದೂ ಒಳಗೆ ಬಂದಿಲ್ಲ.

ಇನ್ನು ವಿನ್ಯಾಸಕ್ಕೆ ಬರೋಣ. ಬೇಕಾದ ಉಷ್ಣತೆಗೂ ಓವನ್ನಿನ ಉಷ್ಣತೆಗೂ ನಡುವಿನ ಸಂಬಂಧ ಈಗ PQ ಮಾತ್ರ. ಬದಲಾವಣೆ ಸುಮಾರು 2 ನಿಮಿಷದ ಚುರುಕಿನಲ್ಲಿ ಆಗಬೇಕು ಎಂದುಕೊಂಡರೆ, PQ = 1/(2s + 1) ಆಗುವಂತೆ ಮಾಡಿದರಾಯಿತು. ಅದಕ್ಕೆ ಬೇಕಾದ್ದು Q = (10s + 1)/(2(2s + 1)). ಇದನ್ನು ಸೂತ್ರಕ್ಕೆ ಹಾಕಿದರೆ C = 2.5(1 + 1/(10s)) ಬರುತ್ತದೆ. ಇದು ಕಾರ್ಖಾನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಪಿ.ಐ. ಕಂಟ್ರೋಲರ್: ಗೇನ್ 2.5, ಇಂಟಿಗ್ರಲ್ ಟೈಮ್ 10 ನಿಮಿಷ. ಉಷ್ಣತೆಯನ್ನು 125ರಿಂದ 135 ಡಿಗ್ರಿಗೆ ಏರಿಸಲು ಹೇಳಿದರೆ ಹೀಟರ್ ಮೊದಲ ಕ್ಷಣಕ್ಕೆ 50ರಿಂದ 75ಕ್ಕೆ ಜಿಗಿದು, ನಿಧಾನವಾಗಿ 55ಕ್ಕೆ ಇಳಿಯುತ್ತದೆ. ಉಷ್ಣತೆ ಎಲ್ಲಿಯೂ 135 ದಾಟದೆ ನಯವಾಗಿ ಹೋಗಿ ಸೇರುತ್ತದೆ.

ಆದರೆ ವೋಲ್ಟೇಜ್ ಕುಸಿದಾಗ ಇದೇ ಕಂಟ್ರೋಲರಿನ ದೋಷ ಕಾಣಿಸುತ್ತದೆ. 230 ವೋಲ್ಟ್ ಇದ್ದದ್ದು ಸುಮಾರು 206ಕ್ಕೆ ಇಳಿದರೆ ಹೀಟರಿನ ಶಾಖ ಐದರಲ್ಲೊಂದು ಪಾಲು ಕಡಿಮೆಯಾಗುತ್ತದೆ, ಅಂದರೆ 50 ಇದ್ದದ್ದು 40ಕ್ಕೆ. ಲೆಕ್ಕ ಮಾಡಿದರೆ ಉಷ್ಣತೆ 4 ನಿಮಿಷದಲ್ಲಿ 2.7 ಡಿಗ್ರಿ ಕೆಳಗಿಳಿಯುತ್ತದೆ. ಹತ್ತನೆಯ ನಿಮಿಷದಲ್ಲೂ 1.8 ಡಿಗ್ರಿ ಕಡಿಮೆಯೇ ಇರುತ್ತದೆ. ಕಾರಣ ಸ್ಪಷ್ಟ. ನಾವು ಆರಿಸಿದ Q ಓವನ್ನಿನ 10 ನಿಮಿಷದ ನಿಧಾನವನ್ನು ಆಜ್ಞೆಯ ದಾರಿಯಲ್ಲಷ್ಟೇ ಅಳಿಸಿಹಾಕಿತು. ಅಡಚಣೆ ಬರುವ ದಾರಿ P(1 − PQ). ಅಲ್ಲಿ ಆ ನಿಧಾನ ಹಾಗೆಯೇ ಉಳಿದಿದೆ.

ಹಾಗಾದರೆ Qಯನ್ನು ಬದಲಿಸೋಣ. ಸ್ಥಿರವಾಗಿರುವವರೆಗೂ ಅದನ್ನು ಏನು ಬೇಕಾದರೂ ಮಾಡುವ ಸ್ವಾತಂತ್ರ್ಯ ನಮಗಿದೆ. ಈ ಬಾರಿ PQ = (3.6s + 1)/(2s + 1)² ಎಂದಿಡೋಣ. 3.6 ಎಂಬ ಸಂಖ್ಯೆಯನ್ನು ಬೇಕೆಂದೇ ಆರಿಸಿದ್ದು: ಹಾಗೆ ಮಾಡಿದಾಗ 1 − PQ ಒಳಗೆ (10s + 1) ಎಂಬ ಅಂಶ ಹುಟ್ಟಿ, P ಕೆಳಗಿರುವ ಅದೇ ಅಂಶವನ್ನು ಹೊಡೆದುಹಾಕುತ್ತದೆ. ಈಗ ಬರುವ ಕಂಟ್ರೋಲರ್ ಕೂಡ ಪಿ.ಐ.ಯೇ. ಗೇನ್ 4.5, ಇಂಟಿಗ್ರಲ್ ಟೈಮ್ 3.6 ನಿಮಿಷ. ಅದೇ ವೋಲ್ಟೇಜ್ ಕುಸಿತಕ್ಕೆ ಉಷ್ಣತೆ ಇಳಿಯುವುದು 1.5 ಡಿಗ್ರಿ ಮಾತ್ರ, ಹತ್ತನೆಯ ನಿಮಿಷಕ್ಕೆ ಉಳಿಯುವ ಕೊರತೆ 0.14 ಡಿಗ್ರಿ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. 10 ಡಿಗ್ರಿ ಏರಿಸಲು ಹೇಳಿದರೆ ಹೀಟರ್ ಮೊದಲ ಕ್ಷಣಕ್ಕೆ 95ಕ್ಕೆ ಜಿಗಿಯುತ್ತದೆ, ಉಷ್ಣತೆ ಗುರಿಯನ್ನು 0.84 ಡಿಗ್ರಿ ದಾಟಿ ಮರಳುತ್ತದೆ.

ಒಂದು ನಯ, ಇನ್ನೊಂದು ಗಟ್ಟಿ. ನಡುವಿನದು ಬೇಕಾದರೆ ಎರಡೂ Qಗಳನ್ನು ಕೂಡಿಸಿ ಅರ್ಧ ಮಾಡಿದರೆ ಸಾಕು. ಎರಡು ಸ್ಥಿರ ಕಂಟ್ರೋಲರುಗಳ ಸರಾಸರಿ ಸ್ಥಿರವಾಗಿರುತ್ತದೆ ಎಂಬ ಭರವಸೆ ಸಾಮಾನ್ಯವಾಗಿ ಇಲ್ಲ, ಆದರೆ ಎರಡು ಸ್ಥಿರ Qಗಳ ಸರಾಸರಿ ಸ್ಥಿರವೇ. ಅಷ್ಟೇ ಅಲ್ಲ, ಪ್ರತಿ ಕ್ಷಣದ ಉಷ್ಣತೆಯೂ ಹೀಟರಿನ ಆಜ್ಞೆಯೂ ಮೊದಲಿನ ಎರಡರ ನಿಖರ ಸರಾಸರಿಯಾಗಿ ಬರುತ್ತವೆ. ಹೀಟರಿನ ಜಿಗಿತ 85ಕ್ಕೆ. ವೋಲ್ಟೇಜ್ ಕುಸಿತಕ್ಕೆ ಉಷ್ಣತೆ ಇಳಿಯುವುದು ಸುಮಾರು 2 ಡಿಗ್ರಿ. ಗುರಿ ದಾಟುವುದು 0.12 ಡಿಗ್ರಿ ಮಾತ್ರ, ಯಾಕೆಂದರೆ ಎರಡನೆಯದು ಗುರಿ ದಾಟುವ ಹೊತ್ತಿನಲ್ಲಿ ಮೊದಲನೆಯದು ಇನ್ನೂ ಕೆಳಗೇ ಇರುತ್ತದೆ. ಹೀಗೆ ಮಿಶ್ರಣ ಮಾಡಬಹುದಾದ್ದರಿಂದಲೇ ಒಳ್ಳೆಯ Q ಹುಡುಕುವ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಬಹುದು. ಸ್ಟೀಫನ್ ಬಾಯ್ಡ್ ಮತ್ತು ಕ್ರೇಗ್ ಬ್ಯಾರಟ್ 1991ರಲ್ಲಿ ತಂದ ಪುಸ್ತಕ ಈ ಹುಡುಕಾಟದ ಬಗ್ಗೆಯೇ ಇದೆ.

ಭರವಸೆ ಎಲ್ಲಿ ಮುರಿಯುತ್ತದೆ ಎಂಬುದನ್ನೂ ತಿಳಿದಿರಬೇಕು. ಮೇಲಿನ ಮಾತೆಲ್ಲ ನಿಂತಿರುವುದು ಪ್ರತಿ ಸರಿಯಾಗಿದೆ ಎಂಬುದರ ಮೇಲೆ. ಸೆನ್ಸರನ್ನು ದೂರದ ಮೂಲೆಯಲ್ಲಿ ಕೂರಿಸಿದ್ದರಿಂದ ಅಳತೆ ತಡವಾಗಿ ಬರುತ್ತಿದೆ, ಆದರೆ ಪ್ರತಿಯಲ್ಲಿ ಆ ತಡವನ್ನು ಸೇರಿಸಿಲ್ಲ ಎನ್ನಿ. ಆಗ ನಮ್ಮ ಆಜ್ಞೆಯ ಪರಿಣಾಮ ಪೂರ್ತಿ ಕಳೆದುಹೋಗದೆ ಮರಳಿ ಬರತೊಡಗುತ್ತದೆ, ಸುತ್ತು ಮತ್ತೆ ಹುಟ್ಟುತ್ತದೆ. ನಯವಾದ ಕಂಟ್ರೋಲರ್ 3.1 ನಿಮಿಷದವರೆಗಿನ ತಡವನ್ನು ತಾಳಿಕೊಳ್ಳುತ್ತದೆ, ಗಟ್ಟಿಯದು ಸುಮಾರು 1.5 ನಿಮಿಷದವರೆಗೆ ಮಾತ್ರ. ಎಲ್ಲೆ ಹತ್ತಿರವಾದಂತೆ ಗ್ರಾಫ್ ಅದನ್ನು ಹೇಳುತ್ತದೆ: ಗಟ್ಟಿ ಕಂಟ್ರೋಲರಿನಲ್ಲಿ ಸುಮಾರು 7 ನಿಮಿಷಕ್ಕೊಂದು ಅಲೆ ಎದ್ದು, ಬೇಗ ಅಡಗದೆ ಮುಂದುವರಿಯುತ್ತದೆ. ಅಂಥ ಅಲೆ ಕಂಡರೆ Qಯನ್ನು ನಿಧಾನಗೊಳಿಸಬೇಕು, ಇಲ್ಲವೇ ತಡವನ್ನು ಅಳೆದು ಪ್ರತಿಯೊಳಗೆ ಸೇರಿಸಬೇಕು. ಹೀಟರಿನ ಮಿತಿಯೂ ಹೀಗೆಯೇ. ಗಟ್ಟಿ ಕಂಟ್ರೋಲರಿಗೆ 12 ಡಿಗ್ರಿ ಏರಿಸಲು ಹೇಳಿದರೆ ಅದು 104 ಕೇಳುತ್ತದೆ, ಹೀಟರ್ 100ಕ್ಕೆ ನಿಲ್ಲುತ್ತದೆ. ಆಗ ಪ್ರತಿಗೆ ಕೊಡಬೇಕಾದ್ದು ಕಂಟ್ರೋಲರ್ ಕೇಳಿದ 104 ಅಲ್ಲ, ಹೀಟರಿಗೆ ನಿಜವಾಗಿ ಹೋದ 100. ಇಲ್ಲದಿದ್ದರೆ ಪ್ರತಿಯೂ ಓವನ್ನೂ ಬೇರೆಬೇರೆ ದಾರಿ ಹಿಡಿಯುತ್ತವೆ.

ಪಟ್ಟಿ ಪೂರ್ಣವಾಗಿರುವುದರಿಂದ ಇನ್ನೊಂದು ಲಾಭವಿದೆ: ಆಗದ ಕೆಲಸವನ್ನು ಆಗದು ಎಂದು ಖಚಿತವಾಗಿ ಹೇಳಬಹುದು. ಸೆನ್ಸರಿನ ತಡ 1 ನಿಮಿಷ ಇದೆ, ಅದನ್ನು ಪ್ರತಿಯಲ್ಲೂ ಸರಿಯಾಗಿ ಬರೆದಿದ್ದೇವೆ ಎಂದುಕೊಳ್ಳಿ. ವೋಲ್ಟೇಜ್ ಕುಸಿದ ಮೊದಲ ನಿಮಿಷ ಯಾವ Qಗೂ ಸುದ್ದಿಯೇ ಮುಟ್ಟುವುದಿಲ್ಲ. ಅಷ್ಟರಲ್ಲಿ ಓವನ್ 1.9 ಡಿಗ್ರಿ ತಣ್ಣಗಾಗಿರುತ್ತದೆ. ಯಾರಾದರೂ 1 ಡಿಗ್ರಿಗಿಂತ ಹೆಚ್ಚು ಇಳಿಯಬಾರದು ಎಂದು ಕೇಳಿದರೆ, ಈ ಸೆನ್ಸರನ್ನೇ ನಂಬಿ ನಡೆಯುವ ಕಂಟ್ರೋಲರ್ ಎಷ್ಟೇ ದುಬಾರಿಯದಾದರೂ ಅದನ್ನು ಮಾಡಲಾರದು. ತಿಂಗಳುಗಟ್ಟಲೆ ತಿರುಪು ತಿರುಗಿಸುವ ಬದಲು ಸೆನ್ಸರನ್ನು ಹೀಟರಿನ ಹತ್ತಿರಕ್ಕೆ ತರಬೇಕು, ಇಲ್ಲವೇ ಹೀಟರಿಗೆ ಒಂದು ವೋಲ್ಟೇಜ್ ಸ್ಟೆಬಿಲೈಜರ್ ಹಾಕಬೇಕು.