ಲ್ಯಾಪ್‌ಟಾಪ್ ಆಫ್ ಆಗಿದ್ದರೆ ಮೇಲ್ ಕಳಿಸುವವರು ಯಾರು?

ಸೋಮವಾರ ಬೆಳಿಗ್ಗೆ ಹತ್ತರೊಳಗೆ ಕೊಟೇಶನ್ ತಲುಪಬೇಕು. ಗುತ್ತಿಗೆದಾರರೊಬ್ಬರು ಶನಿವಾರ ಸಂಜೆಯೇ ಅದನ್ನು ಸಿದ್ಧಮಾಡಿ, ತಮ್ಮ ಲ್ಯಾಪ್‌ಟಾಪ್‌ನ ಹಳೆಯ ಔಟ್‌ಲುಕ್‌ನಲ್ಲಿ Delay Delivery ಒತ್ತಿ, Do not deliver before ಎಂಬಲ್ಲಿ ಸೋಮವಾರ 9 ಗಂಟೆ ಎಂದು ಹಾಕಿ, ಲ್ಯಾಪ್‌ಟಾಪ್ ಆಫ್ ಮಾಡಿ ಮನೆಗೆ ಹೋದರು ಎನ್ನಿ. ಸೋಮವಾರ 11.20ಕ್ಕೆ ಬಂದು ನೋಡಿದರೆ ಮೇಲ್ ಇನ್ನೂ Outboxನಲ್ಲೇ ಇದೆ. ಔಟ್‌ಲುಕ್ ತೆರೆದು ನೆಟ್ ಸಿಕ್ಕ ಮೇಲೆ ಅದು ತಾನಾಗಿ ಹೊರಡುತ್ತದೆ, ಆದರೆ ಅಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಇಲ್ಲಿ ಔಟ್‌ಲುಕ್ ಕೆಟ್ಟಿಲ್ಲ. POP ಅಥವಾ IMAP ಖಾತೆಯಾದರೆ ಒಂಬತ್ತು ಗಂಟೆಯಾಯಿತೇ ಎಂದು ಗಡಿಯಾರ ನೋಡುವ ಕೆಲಸವನ್ನು ಆ ಲ್ಯಾಪ್‌ಟಾಪ್‌ನ ಔಟ್‌ಲುಕ್ಕೇ ಮಾಡಬೇಕು. ಮೇಲ್ ಸರ್ವರ್‌ಗೆ ಇನ್ನೂ ತಲುಪಿಯೇ ಇಲ್ಲ. ಮುಚ್ಚಳ ಹಾಕಿ ಲ್ಯಾಪ್‌ಟಾಪ್ ನಿದ್ದೆಗೆ ಹೋದರೂ, ಔಟ್‌ಲುಕ್ ಒಂದನ್ನೇ ಮುಚ್ಚಿದರೂ ಇದೇ ಕಥೆ. ‘ಇದನ್ನು ಇಟ್ಟುಕೊಂಡು ಇಂಥ ಹೊತ್ತಿಗೆ ಕಳಿಸು’ ಎಂದು ಸರ್ವರ್‌ಗೇ ಹೇಳುವ ವಿಧಾನವನ್ನು FUTURERELEASE ಎಂಬ ಹೆಸರಿನಲ್ಲಿ 2007ರಲ್ಲೇ ರೂಪಿಸಲಾಯಿತು. ಅದು ಬಳಕೆಯಲ್ಲಿ ಬೇರೂರಲಿಲ್ಲ, ಅದಕ್ಕೇ ಈ ತೊಡಕು ಇನ್ನೂ ಉಳಿದಿದೆ.

ಬ್ರೌಸರ್‌ನಲ್ಲಿ ಜಿಮೇಲ್ ತೆರೆದು Schedule send ಕೊಟ್ಟರೆ ವಿಷಯವೇ ಬೇರೆ. 2019ರಲ್ಲಿ ಬಂದ ಈ ಸೌಲಭ್ಯದಲ್ಲಿ ಮೇಲ್ ಗೂಗಲ್‌ನ ಸರ್ವರ್‌ನಲ್ಲೇ ಕಾದಿರುತ್ತದೆ, ನಿಮ್ಮ ಕಂಪ್ಯೂಟರ್ ಆಫ್ ಆಗಿದ್ದರೂ ಹೊತ್ತಿಗೆ ಸರಿಯಾಗಿ ಹೊರಡುತ್ತದೆ. ಹಾಗೆಂದು ‘ನನ್ನದು ಜಿಮೇಲ್, ತೊಂದರೆಯಿಲ್ಲ’ ಎಂದುಕೊಂಡು ಬಹಳ ಜನ ಮೋಸ ಹೋಗುತ್ತಾರೆ. ಖಾತೆ ಯಾರದು ಎಂಬುದಕ್ಕಿಂತ ಸಮಯವನ್ನು ಎಲ್ಲಿ ನಿಗದಿ ಮಾಡಿದಿರಿ ಎಂಬುದು ಮುಖ್ಯ. ಅದೇ ಜಿಮೇಲ್ ಖಾತೆಯನ್ನು ಥಂಡರ್‌ಬರ್ಡ್‌ಗೆ ಜೋಡಿಸಿ, Send Later ಎಂಬ ಆಡ್-ಆನ್‌ನಲ್ಲಿ ಹೊತ್ತು ಗೊತ್ತುಮಾಡಿದರೆ ಮೇಲ್ Draftsನಲ್ಲಿ ಕಾಯುತ್ತದೆ. ಆ ಹೊತ್ತಿಗೆ ಥಂಡರ್‌ಬರ್ಡ್ ಓಡುತ್ತಿರಲೇಬೇಕು. ಈ ಆಡ್-ಆನ್‌ನಲ್ಲಿ ನನಗೆ ಮೆಚ್ಚುಗೆಯಾದ ಒಂದು ಏರ್ಪಾಡಿದೆ: ಇಷ್ಟು ನಿಮಿಷಕ್ಕಿಂತ ತಡವಾದರೆ ಕಳಿಸಲೇಬೇಡ ಎಂದು ಹೇಳಿಡಬಹುದು. ಸಭೆ ಮುಗಿದ ಮೇಲೆ ಸಭೆಯ ನೆನಪೋಲೆ ಹೋಗುವ ಮುಜುಗರ ಇದರಿಂದ ತಪ್ಪುತ್ತದೆ.

ನಿಮ್ಮ ಮೇಲ್ ಎಲ್ಲಿ ಕಾಯುತ್ತಿದೆ ಎಂದು ತಿಳಿಯಲು, ಮೊಬೈಲಿನ ಬ್ರೌಸರ್‌ನಲ್ಲಿ ಅದೇ ಖಾತೆಗೆ ಲಾಗಿನ್ ಆಗಿ ನೋಡಿ. ಜಿಮೇಲ್‌ನ Scheduled ಪಟ್ಟಿಯಲ್ಲಿ ಅದು ಕಂಡರೆ ಸರ್ವರ್‌ನಲ್ಲಿದೆ ಎಂದರ್ಥ. Draftsನಲ್ಲಿ ಬರೀ ಕರಡಾಗಿ ಕಂಡರೆ, ಅಥವಾ ಎಲ್ಲೂ ಕಾಣದಿದ್ದರೆ, ಕಳಿಸುವ ಹೊಣೆ ನಿಮ್ಮ ಕಂಪ್ಯೂಟರ್ ಮೇಲೇ ಇದೆ ಎಂದು ಸಂಶಯಪಡಿ. ಕೊಟೇಶನ್‌ನಂಥ ಮೇಲ್ ಕಳಿಸುವ ಮುಂಚೆ ಇನ್ನೊಂದು ಪರೀಕ್ಷೆ ಮಾಡಬಹುದು. ನಿಮ್ಮದೇ ಬೇರೊಂದು ವಿಳಾಸಕ್ಕೆ ಹತ್ತು ನಿಮಿಷದ ನಂತರ ಹೋಗುವಂತೆ ಒಂದು ಸಾಲು ಬರೆದಿಟ್ಟು, ಕಂಪ್ಯೂಟರ್ ಪೂರ್ತಿ ಆಫ್ ಮಾಡಿ. ಕಾಲು ಗಂಟೆಯಾದರೂ ಮೊಬೈಲಿಗೆ ಅದು ಬರದಿದ್ದರೆ, ಕೊಟೇಶನ್ ಅನ್ನು ವೆಬ್‌ಮೇಲ್‌ನಿಂದಲೇ ನಿಗದಿ ಮಾಡಿ.