ಎರಡನೇ ಪಿನ್ನಿನ ಸೊನ್ನೆ

ಬ್ರೆಡ್‌ಬೋರ್ಡ್ ಮೇಲೆ 741 ಎಂಬ ಎಂಟು ಕಾಲಿನ ಐಸಿ ಕೂತಿದೆ. ಮೂರನೇ ಪಿನ್ನನ್ನು ನೇರವಾಗಿ ಗ್ರೌಂಡಿಗೆ ಕಟ್ಟಿದ್ದೇವೆ. ಎರಡನೇ ಪಿನ್ನಿಗೆ ಎರಡು ರೆಸಿಸ್ಟರುಗಳು ಬಂದು ಸೇರಿವೆ. 1 ಕಿಲೋಓಮ್‌ನದು ಇನ್‌ಪುಟ್ ಕಡೆಯಿಂದ, 10 ಕಿಲೋಓಮ್‌ನದು ಆರನೇ ಪಿನ್ನಿನಿಂದ, ಅಂದರೆ ಔಟ್‌ಪುಟ್ಟಿನಿಂದ. ಇನ್‌ಪುಟ್ಟಿಗೆ ಅರ್ಧ ವೋಲ್ಟ್ ಕೊಟ್ಟು ಮಲ್ಟಿಮೀಟರಿನ ಮೊನೆಯನ್ನು ಎರಡನೇ ಪಿನ್ನಿಗೆ ಮುಟ್ಟಿಸಿದರೆ ಮೀಟರು ಸೊನ್ನೆ ತೋರಿಸುತ್ತದೆ. ಆ ಪಿನ್ನಿನಿಂದ ಗ್ರೌಂಡಿಗೆ ಯಾವ ತಂತಿಯೂ ಇಲ್ಲ, ಆದರೂ ಅದು ಗ್ರೌಂಡಿನಂತೆಯೇ ನಡೆದುಕೊಳ್ಳುತ್ತಿದೆ. ಇದನ್ನೇ ಎಂಜಿನಿಯರುಗಳು ವರ್ಚುಯಲ್ ಶಾರ್ಟ್ ಎನ್ನುತ್ತಾರೆ.

ಪಠ್ಯಪುಸ್ತಕಗಳು ಇದನ್ನು ನಿಯಮವೆಂಬಂತೆ ಹೇಳಿಬಿಡುತ್ತವೆ: ಆಪ್-ಆಂಪ್‌ನ ಎರಡು ಇನ್‌ಪುಟ್‌ಗಳ ವೋಲ್ಟೇಜ್ ಸಮ, ಅವುಗಳೊಳಗೆ ಕರೆಂಟ್ ಹೋಗುವುದಿಲ್ಲ. ಈ ಎರಡನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದೇ ಗೊಂದಲದ ಮೂಲ ಎಂದು ನನಗನ್ನಿಸುತ್ತದೆ. ಕರೆಂಟ್ ಹೋಗದಿರುವುದು ಐಸಿಯ ಗುಣ. ವೋಲ್ಟೇಜ್ ಸಮವಾಗಿರುವುದು ಮಾತ್ರ ಐಸಿಯ ಗುಣವಲ್ಲ, ಸುತ್ತ ಕಟ್ಟಿದ ಸರ್ಕ್ಯೂಟ್ ಮಾಡಿಸುವ ಕೆಲಸ.

ಆಪ್-ಆಂಪ್‌ಗೆ ತಾನಾಗಿ ಗೊತ್ತಿರುವುದು ಒಂದೇ ವಿದ್ಯೆ. ಮೂರನೇ ಪಿನ್ನಿನ ವೋಲ್ಟೇಜಿನಿಂದ ಎರಡನೆಯದರ ವೋಲ್ಟೇಜನ್ನು ಕಳೆದು, ಉಳಿದದ್ದನ್ನು ಭಾರಿ ಸಂಖ್ಯೆಯಿಂದ ಗುಣಿಸಿ ಹೊರಗೆ ಕೊಡುವುದು. 741ರಲ್ಲಿ ಆ ಸಂಖ್ಯೆ ಸಾಮಾನ್ಯವಾಗಿ 2 ಲಕ್ಷದ ಆಸುಪಾಸಿನಲ್ಲಿರುತ್ತದೆ. ಈಗ ನಮ್ಮ ಅರ್ಧ ವೋಲ್ಟ್ ಎರಡನೇ ಪಿನ್ನನ್ನು ಮೇಲಕ್ಕೆ ತಳ್ಳಲು ನೋಡುತ್ತದೆ. ಪಿನ್ ಕೂದಲೆಳೆಯಷ್ಟು ಮೇಲೇರಿದರೂ ಸಾಕು, ಔಟ್‌ಪುಟ್ ಋಣ ದಿಕ್ಕಿಗೆ ಜೋರಾಗಿ ಇಳಿಯುತ್ತದೆ. ಇಳಿದ ಔಟ್‌ಪುಟ್ 10 ಕಿಲೋಓಮ್ ರೆಸಿಸ್ಟರಿನ ಮೂಲಕ ಅದೇ ಪಿನ್ನನ್ನು ಕೆಳಕ್ಕೆಳೆಯುತ್ತದೆ. ಈ ಎಳೆತ ತಳ್ಳಾಟ ನಿಲ್ಲುವುದು ಪಿನ್ ಹೆಚ್ಚುಕಡಿಮೆ ಸೊನ್ನೆಗೆ ಬಂದಾಗಲೇ. ಔಟ್‌ಪುಟ್ 5 ವೋಲ್ಟ್ ಇರಬೇಕಾದರೆ ಎರಡು ಇನ್‌ಪುಟ್‌ಗಳ ನಡುವೆ 5 ಭಾಗಿಸು 2 ಲಕ್ಷ, ಅಂದರೆ 25 ಮೈಕ್ರೋವೋಲ್ಟ್ ವ್ಯತ್ಯಾಸ ಸಾಕು. ಅಷ್ಟು ಸಣ್ಣದನ್ನು ಸಾಮಾನ್ಯ ಮೀಟರು ಕಾಣಲಾರದು. ಆದರ್ಶ ಆಪ್-ಆಂಪ್ ಎಂದರೆ ಗುಣಿಸುವ ಸಂಖ್ಯೆ ಅನಂತವಾಗಿ, ಆ 25 ಮೈಕ್ರೋವೋಲ್ಟೂ ಅಳಿಸಿಹೋದ ಸ್ಥಿತಿ.

ಇಷ್ಟು ಒಪ್ಪಿಕೊಂಡರೆ ಉಳಿದದ್ದು ಓಮ್‌ನ ನಿಯಮ. 1 ಕಿಲೋಓಮ್‌ನ ಒಂದು ತುದಿಯಲ್ಲಿ ಅರ್ಧ ವೋಲ್ಟ್, ಇನ್ನೊಂದು ತುದಿಯಲ್ಲಿ ಸೊನ್ನೆ. ಹಾಗಾದರೆ ಅದರಲ್ಲಿ ಹರಿಯುವ ಕರೆಂಟ್ 0.5 ಮಿಲಿಆಂಪಿಯರ್. ಈ ಕರೆಂಟಿಗೆ ಐಸಿಯೊಳಗೆ ಪ್ರವೇಶವಿಲ್ಲ. ಹಾಗಾಗಿ ಪೂರ್ತಿಯಾಗಿ 10 ಕಿಲೋಓಮ್‌ನ ಕಡೆಗೆ ತಿರುಗಬೇಕು. ಅಲ್ಲಿ ಹಾದುಹೋಗುವಾಗ 5 ವೋಲ್ಟ್ ಕಳೆದುಕೊಳ್ಳುತ್ತದೆ. ಸೊನ್ನೆಯಿಂದ ಹೊರಟು 5 ಕಳೆದುಕೊಂಡರೆ ತಲುಪುವುದು −5 ವೋಲ್ಟ್. ಅಕ್ಷರಗಳಲ್ಲಿ ಬರೆದರೆ:

Vin / R1 = −Vout / Rf
Vout = −(Rf / R1) × Vin

ಗೇನ್ ಎಂದರೆ ಎರಡು ರೆಸಿಸ್ಟರುಗಳ ಅನುಪಾತ, ಮುಂದೊಂದು ಋಣ ಚಿಹ್ನೆ. ಬಾವಿಯ ಏತದ ಮರದಂತೆ, ನಡುವಿನ ಕೀಲು ಕದಲುವುದಿಲ್ಲ, ಒಂದು ತುದಿ ಏರಿದರೆ ಇನ್ನೊಂದು ಇಳಿಯುತ್ತದೆ, ಎಷ್ಟು ಇಳಿಯುತ್ತದೆಂಬುದನ್ನು ಎರಡು ತೋಳುಗಳ ಉದ್ದ ನಿರ್ಧರಿಸುತ್ತದೆ. 2 ಲಕ್ಷ ಎಂಬ ಸಂಖ್ಯೆ ಸೂತ್ರದಲ್ಲಿ ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ. ಒಂದು ಐಸಿಯಲ್ಲಿ ಅದು 2 ಲಕ್ಷ, ಇನ್ನೊಂದರಲ್ಲಿ 1 ಲಕ್ಷ ಇದ್ದರೂ ನಮ್ಮ ಗೇನ್ ಹತ್ತಾಗಿಯೇ ಉಳಿಯುತ್ತದೆ.

ಎರಡನೇ ಪಿನ್ ಸೊನ್ನೆಯಲ್ಲಿ ನಿಲ್ಲುವುದರ ನಿಜವಾದ ಲಾಭ ಕಾಣುವುದು ಕೂಡಿಸುವಾಗ. ಬೆಲ್ ಲ್ಯಾಬ್ಸ್‌ನ ಕಾರ್ಲ್ ಸ್ವಾರ್ಟ್‌ಜೆಲ್ 1941ರಲ್ಲಿ ವ್ಯಾಕ್ಯೂಮ್ ಟ್ಯೂಬುಗಳ ಸಮ್ಮಿಂಗ್ ಆಂಪ್ಲಿಫೈಯರ್‌ಗೆ ಪೇಟೆಂಟ್ ಅರ್ಜಿ ಹಾಕಿದ್ದರು. ಎರಡನೇ ಮಹಾಯುದ್ಧದಲ್ಲಿ ವಿಮಾನವಿರೋಧಿ ಫಿರಂಗಿಗೆ ಗುರಿ ಲೆಕ್ಕಹಾಕುವ ಯಂತ್ರದಲ್ಲಿ ಅಂಥ ಆಂಪ್ಲಿಫೈಯರುಗಳು ದುಡಿದವು. ಇಂದು ಅದೇ ಕೆಲಸವನ್ನು ಕಛೇರಿಯ ಧ್ವನಿ ಮಿಕ್ಸರ್ ಮಾಡುತ್ತದೆ. ಹಾಡುವವರ ಮೈಕಿನಿಂದ ಒಂದು ಕ್ಷಣದಲ್ಲಿ 0.2 ವೋಲ್ಟ್, ಮೃದಂಗದಿಂದ 0.3 ವೋಲ್ಟ್ ಬರುತ್ತಿದೆ ಎಂದುಕೊಳ್ಳೋಣ.

ಮೊದಲು ಆಪ್-ಆಂಪ್ ಇಲ್ಲದೆ ನೋಡೋಣ. ಎರಡನ್ನೂ 10 ಕಿಲೋಓಮ್ ರೆಸಿಸ್ಟರುಗಳ ಮೂಲಕ ಒಂದು ಬಿಂದುವಿಗೆ ತಂದರೆ ಸಿಗುವುದು ಸರಾಸರಿ, 0.25 ವೋಲ್ಟ್. ಅದರಲ್ಲಿ ಹಾಡಿನ ಪಾಲು 0.1. ಮೃದಂಗ ಜಾಸ್ತಿಯಾಯಿತೆಂದು ಅದರ ರೆಸಿಸ್ಟರನ್ನು 20 ಕಿಲೋಓಮ್ ಮಾಡಿದರೆ ಹಾಡಿನ ಪಾಲು 0.133ಕ್ಕೆ ಏರಿಬಿಡುತ್ತದೆ. ಮೃದಂಗವನ್ನು ಇಳಿಸಹೋದರೆ ಹಾಡೂ ಬದಲಾಯಿತು. ಸೇರುವ ಬಿಂದುವಿನ ವೋಲ್ಟೇಜ್ ಅತ್ತಿತ್ತ ಓಲಾಡುವುದರಿಂದ ಒಬ್ಬರ ಏರಿಳಿತ ಇನ್ನೊಬ್ಬರ ಕರೆಂಟನ್ನು ಕೆಡಿಸುತ್ತದೆ.

ಅದೇ ಬಿಂದುವನ್ನು ಈಗ ಆಪ್-ಆಂಪ್‌ನ ಎರಡನೇ ಪಿನ್ನಿಗೆ ಕೊಟ್ಟು, ಫೀಡ್‌ಬ್ಯಾಕ್ ರೆಸಿಸ್ಟರನ್ನೂ 10 ಕಿಲೋಓಮ್ ಇಡಿ. ಪಿನ್ ಸೊನ್ನೆಯಲ್ಲಿದೆ, ಆದ್ದರಿಂದ ಹಾಡಿನ ಕರೆಂಟ್ 0.02 ಮಿಲಿಆಂಪಿಯರ್, ಮೃದಂಗದ್ದು 0.03. ಪಕ್ಕದಲ್ಲಿ ಯಾರಿದ್ದಾರೆ ಎಂಬುದು ಯಾವ ಕರೆಂಟಿಗೂ ಗೊತ್ತಿಲ್ಲ. ಎರಡೂ ಸೇರಿ 0.05 ಆಗಿ ಫೀಡ್‌ಬ್ಯಾಕ್ ರೆಸಿಸ್ಟರಿನಲ್ಲಿ ಹರಿದಾಗ ಔಟ್‌ಪುಟ್ −0.5 ವೋಲ್ಟ್.

Vout = −Rf × (V1/R1 + V2/R2)

ಮೃದಂಗದ ರೆಸಿಸ್ಟರನ್ನು 20 ಕಿಲೋಓಮ್ ಮಾಡಿದರೆ ಅದರ ಪಾಲು ಮಾತ್ರ ಅರ್ಧಕ್ಕಿಳಿಯುತ್ತದೆ, ಔಟ್‌ಪುಟ್ −0.35 ಆಗುತ್ತದೆ. ಹಾಡಿನ ಪಾಲು 0.2ರಲ್ಲಿ ಅಲ್ಲಾಡದೆ ನಿಂತಿರುತ್ತದೆ. (ಋಣ ಚಿಹ್ನೆ ಬೇಡವೆಂದರೆ ಮುಂದೆ ಇನ್ನೊಂದು ಇನ್ವರ್ಟಿಂಗ್ ಹಂತ ಜೋಡಿಸಿದರಾಯಿತು.)

ಸೊನ್ನೆ ಎನ್ನುವುದು ಸರ್ಕ್ಯೂಟಿನ ದುಡಿಮೆ ಎಂದ ಮೇಲೆ, ಆ ದುಡಿಮೆಗೆ ಮಿತಿಯೂ ಇದೆ. ಮೊದಲ ಸರ್ಕ್ಯೂಟಿಗೆ ಅರ್ಧದ ಬದಲು 2 ವೋಲ್ಟ್ ಕೊಟ್ಟರೆ ಸೂತ್ರ −20 ಎನ್ನುತ್ತದೆ. ಆದರೆ ಐಸಿಗೆ ಕೊಟ್ಟ ಸಪ್ಲೈ ±15 ವೋಲ್ಟ್. ಔಟ್‌ಪುಟ್ −13ರ ಹತ್ತಿರ ಹೋಗಿ ಅಂಟಿಕೊಳ್ಳುತ್ತದೆ. ಎಳೆಯಬೇಕಾದಷ್ಟು ಎಳೆಯಲು ಆಗದ್ದರಿಂದ ಪಿನ್ ಸೊನ್ನೆಯಿಂದ ಜಾರುತ್ತದೆ. 2ರಿಂದ −13ರವರೆಗಿನ 15 ವೋಲ್ಟ್ ಒಟ್ಟು 11 ಕಿಲೋಓಮ್‌ನಲ್ಲಿ ಹಂಚಿಹೋಗಿ, ಎರಡನೇ ಪಿನ್ನಿನಲ್ಲಿ ಸುಮಾರು 0.64 ವೋಲ್ಟ್ ಉಳಿಯುತ್ತದೆ. ಸರ್ಕ್ಯೂಟ್ ಕೈಕೊಟ್ಟಾಗ ಔಟ್‌ಪುಟ್ಟಿಗಿಂತ ಮೊದಲು ಈ ಪಿನ್ನನ್ನೇ ಅಳೆಯುವುದು ಜಾಣತನ.

ವೇಗವೂ ಇನ್ನೊಂದು ಮಿತಿ. ಆ 2 ಲಕ್ಷದ ಗುಣಕ ಡಿಸಿ ಮತ್ತು ತೀರಾ ನಿಧಾನದ ಸಂಕೇತಗಳಿಗೆ ಮಾತ್ರ. 10 ಕಿಲೋಹರ್ಟ್ಸ್‌ಗೆ ಬರುವಷ್ಟರಲ್ಲಿ 741ರಲ್ಲಿ ಅದು ನೂರರ ಆಸುಪಾಸಿಗೆ ಕುಸಿದಿರುತ್ತದೆ. ಆಗ 5 ವೋಲ್ಟ್ ಔಟ್‌ಪುಟ್ಟಿಗೆ 50 ಮಿಲಿವೋಲ್ಟ್ ವ್ಯತ್ಯಾಸ ಬೇಕು, ಆಸಿಲೋಸ್ಕೋಪಿನಲ್ಲಿ ಅದು ಬರಿಗಣ್ಣಿಗೇ ಕಾಣುತ್ತದೆ.

ಇನ್ನು ಲ್ಯಾಬುಗಳಲ್ಲಿ ಆಗಾಗ ಆಗುವ ಒಂದು ಎಡವಟ್ಟು: ಎರಡನೇ ಮತ್ತು ಮೂರನೇ ಪಿನ್ನುಗಳನ್ನು ಅದಲುಬದಲು ಮಾಡಿ ಕಟ್ಟುವುದು. ಕಾಗದದ ಮೇಲೆ ಎರಡು ಇನ್‌ಪುಟ್‌ಗಳೂ ಸಮ ಎಂದುಕೊಂಡು ಲೆಕ್ಕ ಮಾಡಿದರೆ ಆಗಲೂ ಅದೇ −10 ಬರುತ್ತದೆ, ಲೆಕ್ಕದಲ್ಲಿ ಎಲ್ಲೂ ತಪ್ಪು ಸಿಗುವುದಿಲ್ಲ. ಆದರೆ ಈ ಜೋಡಣೆಯಲ್ಲಿ ಪಿನ್ ಮೇಲೇರಿದರೆ ಔಟ್‌ಪುಟ್ಟೂ ಮೇಲೇರುತ್ತದೆ, ಏರಿದ ಔಟ್‌ಪುಟ್ ಪಿನ್ನನ್ನು ಇನ್ನಷ್ಟು ಮೇಲಕ್ಕೆತ್ತುತ್ತದೆ. ಸಮ ಮಾಡುವವರೇ ಇಲ್ಲ. ಇನ್‌ಪುಟ್ ಅದೇ ಅರ್ಧ ವೋಲ್ಟ್ ಇದ್ದಾಗ ಔಟ್‌ಪುಟ್ +13ಕ್ಕೆ ಹಾರಿದರೆ ರೆಸಿಸ್ಟರುಗಳು ಸೇರುವ ಪಿನ್ನಿನಲ್ಲಿ ಸುಮಾರು +1.64 ವೋಲ್ಟ್ ಇರುತ್ತದೆ. −13ಕ್ಕೆ ಬಿದ್ದರೆ ಸುಮಾರು −0.73. ಎರಡರಲ್ಲಿ ಯಾವುದಕ್ಕೆ ಹೋದರೂ ಅಲ್ಲೇ ಸಿಕ್ಕಿಬೀಳುತ್ತದೆ, ಇನ್‌ಪುಟ್ಟನ್ನು ಸ್ವಲ್ಪ ತಿರುಗಿಸಿ ನೋಡಿದರೂ ಔಟ್‌ಪುಟ್ ಜಗ್ಗುವುದಿಲ್ಲ.