ಒಂದೇ ಲ್ಯಾಪ್‌ಟಾಪ್, ಓದಿಗೂ ಆಟಕ್ಕೂ

ಎಂಜಿನಿಯರಿಂಗ್ ಸೀಟು ಸಿಕ್ಕಿದ ಮನೆಗಳಲ್ಲಿ ಪುಸ್ತಕಕ್ಕಿಂತ ಮೊದಲು ಲ್ಯಾಪ್‌ಟಾಪಿನ ಮಾತು ಏಳುತ್ತದೆ. ಮಗಳು ಗೇಮಿಂಗ್ ಲ್ಯಾಪ್‌ಟಾಪೇ ಬೇಕೆನ್ನುತ್ತಾಳೆ. ಅದು ಓದಿಗಲ್ಲ, ಆಟಕ್ಕೆ ಎಂದು ಅಪ್ಪನಿಗೆ ಗುಮಾನಿ. ಅವಳು ಸೇರಿದ್ದು ಮೆಕ್ಯಾನಿಕಲ್ ಶಾಖೆ, ಕೈಯಲ್ಲಿರುವುದು ತೊಂಬತ್ತು ಸಾವಿರದ ಆಸುಪಾಸು ಎಂದಿಟ್ಟುಕೊಂಡು ಈ ಲೆಕ್ಕವನ್ನು ಸರಿಯಾಗಿ ಹಾಕಿ ನೋಡೋಣ.

ಮೊದಲು ಓದಿನ ಬೇಡಿಕೆ. ಡ್ರಾಯಿಂಗ್ ತರಗತಿಗೆ ಸಾಲಿಡ್ ಎಡ್ಜ್ ಅಥವಾ ಆಟೋಕ್ಯಾಡ್ ಬೇಕು, ಮುಂದೆ ಸಾಲಿಡ್‌ವರ್ಕ್ಸ್, ಕೊನೆಯ ವರ್ಷಗಳಲ್ಲಿ ಆನ್ಸಿಸ್. ಒಂದು ಬಿಡಿಭಾಗದ ಮಾದರಿ ಕಟ್ಟುವಾಗ ತಂತ್ರಾಂಶವು ಮೊದಲು ಚೌಕ, ಆಮೇಲೆ ಅದರಲ್ಲೊಂದು ತೂತು, ಆಮೇಲೆ ಆ ತೂತಿನ ಅಂಚು ಹೀಗೆ ಒಂದರ ಮೇಲೊಂದು ಲೆಕ್ಕ ಮಾಡುತ್ತದೆ. ಹಿಂದಿನದು ಮುಗಿಯದೆ ಮುಂದಿನದು ಶುರುವಾಗುವಂತಿಲ್ಲ. ಆದ್ದರಿಂದ ಪ್ರೊಸೆಸರಿನಲ್ಲಿ ಹದಿನಾರು ಕೋರ್ ಇದ್ದರೂ ಈ ಕೆಲಸದಲ್ಲಿ ಬೆವರುವುದು ಬಹುಪಾಲು ಒಂದೇ ಕೋರ್. ಬೇಕಾದದ್ದು ಕೋರ್‌ಗಳ ಸಂಖ್ಯೆಗಿಂತ ಒಂದೊಂದು ಕೋರಿನ ವೇಗ. ಹೆಸರಿನ ಕೊನೆಯಲ್ಲಿ H, HS ಅಥವಾ HX ಇರುವ ಈಚಿನ ಯಾವ ಪ್ರೊಸೆಸರಾದರೂ ಇದಕ್ಕೆ ಸಾಕು. ಗ್ರಾಫಿಕ್ಸ್ ಚಿಪ್ಪಿನ ಪಾತ್ರ ಇಲ್ಲಿ ಚಿಕ್ಕದು: ಕಟ್ಟಿದ ಮಾದರಿಯನ್ನು ಪರದೆಯ ಮೇಲೆ ತಡವರಿಸದೆ ತಿರುಗಿಸುವುದು. ಕಾಲೇಜಿನ ಪ್ರಾಜೆಕ್ಟಿನ ಮಾದರಿಗಳಿಗೆ ಸಾಧಾರಣ ಗೇಮಿಂಗ್ ಚಿಪ್ಪೂ ಅದನ್ನು ಸಲೀಸಾಗಿ ಮಾಡುತ್ತದೆ.

ಆನ್ಸಿಸ್ ಬಂದಾಗ ಲೆಕ್ಕ ರ‍್ಯಾಮ್‌ಗೆ ತಿರುಗುತ್ತದೆ. ವಿದ್ಯಾರ್ಥಿಗಳಿಗೆ ಉಚಿತವಾಗಿ ಸಿಗುವ ಆವೃತ್ತಿಯಲ್ಲಿ ಒಂದು ಮಿತಿಯಿದೆ: ಬಲ, ಒತ್ತಡಗಳ ವಿಶ್ಲೇಷಣೆಗೆ 1,28,000 ನೋಡ್‌ಗಳಿಗಿಂತ ದೊಡ್ಡ ಮಾದರಿಯನ್ನು ಅದು ಬಿಡಿಸುವುದಿಲ್ಲ. ಪ್ರತಿ ನೋಡ್ ಮೂರು ದಿಕ್ಕಿಗೆ ಸರಿಯಬಲ್ಲದು, ಅಂದರೆ ಹೆಚ್ಚೆಂದರೆ 3,84,000 ಅಜ್ಞಾತಗಳು. ಹತ್ತು ಲಕ್ಷ ಅಜ್ಞಾತಗಳನ್ನು ಪೂರ್ತಿ ರ‍್ಯಾಮ್‌ನಲ್ಲೇ ಬಿಡಿಸಲು ಸುಮಾರು 10 ಜಿಬಿ ಬೇಕೆಂಬುದು ಸ್ಥೂಲ ಲೆಕ್ಕ. ಆ ಪ್ರಕಾರ ವಿದ್ಯಾರ್ಥಿಯ ಅತಿ ದೊಡ್ಡ ಲೆಕ್ಕಕ್ಕೆ ಸುಮಾರು 4 ಜಿಬಿ. ವಿಂಡೋಸ್ ತಾನೇ ನಾಲ್ಕೈದು ಜಿಬಿ ನುಂಗುತ್ತದೆ, ಆನ್ಸಿಸ್‌ನ ಕಿಟಕಿಗಳು ಇನ್ನೆರಡು ಮೂರು, ಪಕ್ಕದಲ್ಲಿ ತೆರೆದಿಟ್ಟ ಬ್ರೌಸರ್ ಮತ್ತು ನೋಟ್ಸ್ ಒಂದೆರಡು. ಎಲ್ಲ ಸೇರಿ ಹನ್ನೆರಡು ಹದಿಮೂರು ಆಯಿತು. ಹಾಗಾಗಿ 8 ಜಿಬಿ ಸಾಲದು, 16 ಜಿಬಿ ಸಾಕು. ಓದಿಗೆಂದೇ 32 ಜಿಬಿಗೆ ಈಗಲೇ ದುಡ್ಡು ಸುರಿಯಬೇಕಿಲ್ಲ. ರ‍್ಯಾಮ್ ಸಾಲದಿದ್ದಾಗ ತಂತ್ರಾಂಶ ಕೆಲಸ ನಿಲ್ಲಿಸುವುದಿಲ್ಲ, ಲೆಕ್ಕವನ್ನು ಡಿಸ್ಕಿನ ಮೇಲೆ ತುಂಡು ತುಂಡಾಗಿ ಮಾಡುತ್ತದೆ, ಅಷ್ಟೇ ನಿಧಾನವಾಗುತ್ತದೆ. Solution Information ತೆರೆದು ನೋಡಿದರೆ ಗೊತ್ತಾಗುತ್ತದೆ: ಅಲ್ಲಿ in-core ಎಂದಿದ್ದರೆ ಎಲ್ಲವೂ ರ‍್ಯಾಮ್‌ನಲ್ಲಿ ನಡೆದಿದೆ, out-of-core ಎಂದಿದ್ದರೆ ಡಿಸ್ಕಿಗೆ ಇಳಿದಿದೆ.

ಇಲ್ಲಿಗೆ ಓದಿನ ಬೇಡಿಕೆ ಮುಗಿಯಿತು. ಒಳ್ಳೆಯ ಪ್ರೊಸೆಸರ್, 16 ಜಿಬಿ ರ‍್ಯಾಮ್, ಇಂಟೆಲ್ ಅಥವಾ ಎಎಂಡಿ ಚಿಪ್ಪಿನ ವಿಂಡೋಸ್. ಮ್ಯಾಕ್‌ಬುಕ್ ಎಷ್ಟೇ ಚೆನ್ನಾಗಿರಲಿ, ಸಾಲಿಡ್‌ವರ್ಕ್ಸ್ ಮತ್ತು ಸಾಲಿಡ್ ಎಡ್ಜ್ ವಿಂಡೋಸಿನವು. ಸ್ನ್ಯಾಪ್‌ಡ್ರ್ಯಾಗನ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪುಗಳ ಬ್ಯಾಟರಿ ಬಹಳ ಹೊತ್ತು ಬರುತ್ತದೆ, ಆದರೆ ಅವುಗಳ ಮೇಲೆ ಈ ತಂತ್ರಾಂಶಗಳನ್ನು ನೆಚ್ಚಿಕೊಳ್ಳಲಾಗದು.

ಆಟದ ಬೇಡಿಕೆ ಬೇರೆ, ಅದು ಪೂರ್ತಿ ಗ್ರಾಫಿಕ್ಸ್ ಚಿಪ್ಪಿನದು. ಕೊಳ್ಳುವವರು ಹೆಚ್ಚು ಎಡವುವುದೂ ಇಲ್ಲೇ. ಅಂಗಡಿಯಲ್ಲಿ ಡಬ್ಬಿಯ ಮೇಲೆ ಆರ್‌ಟಿಎಕ್ಸ್ 4050, 4060 ಎಂಬ ಹೆಸರಷ್ಟೇ ಕಾಣುತ್ತದೆ. ಆದರೆ ಆ ಚಿಪ್ಪಿಗೆ ಎಷ್ಟು ವಿದ್ಯುತ್ ಉಣಿಸಬೇಕೆಂದು ತೀರ್ಮಾನಿಸುವುದು ಲ್ಯಾಪ್‌ಟಾಪ್ ತಯಾರಕರು. ಎನ್‌ವಿಡಿಯಾ ಈ ಎರಡೂ ಚಿಪ್ಪುಗಳಿಗೆ 35ರಿಂದ 115 ವ್ಯಾಟ್‌ವರೆಗೆ ಅವಕಾಶ ಕೊಟ್ಟಿದೆ. ತೆಳ್ಳನೆಯ ಲ್ಯಾಪ್‌ಟಾಪಿನಲ್ಲಿ ಶಾಖ ಹೊರಹಾಕಲು ಜಾಗವಿಲ್ಲ, ಹಾಗಾಗಿ ತಯಾರಕರು ವ್ಯಾಟ್ ಇಳಿಸುತ್ತಾರೆ. ಹೆಸರು ಅದೇ ಉಳಿಯುತ್ತದೆ, ವೇಗ ಉಳಿಯುವುದಿಲ್ಲ. ಇದನ್ನು ಡಬ್ಬಿಯ ಮೇಲೇ ದಪ್ಪಕ್ಷರದಲ್ಲಿ ಹಾಕಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತಯಾರಕರ ಜಾಲತಾಣದ ವಿವರಪಟ್ಟಿಯ ತಳದಲ್ಲಿ TGP ಎಂಬ ಅಕ್ಷರಗಳ ಪಕ್ಕದಲ್ಲಿ ಹುಡುಕಿದರೆ ಅದು ಸಾಮಾನ್ಯವಾಗಿ ಸಿಗುತ್ತದೆ.

ನಮ್ಮ ವಿದ್ಯಾರ್ಥಿನಿಯ ಮುಂದೆ ಎರಡು ಲ್ಯಾಪ್‌ಟಾಪುಗಳಿವೆ ಅನ್ನೋಣ. ಒಂದು ತೆಳ್ಳಗಿದೆ, ಆರ್‌ಟಿಎಕ್ಸ್ 4060 ಇದೆ, ಆದರೆ 60 ವ್ಯಾಟ್‌ಗೆ ಕಟ್ಟಿಹಾಕಿದ್ದಾರೆ. ರ‍್ಯಾಮ್ 16 ಜಿಬಿ, ಬೋರ್ಡಿಗೇ ಬೆಸೆದದ್ದು. ಇನ್ನೊಂದು ದಪ್ಪ, ಎರಡೂಕಾಲು ಕಿಲೋ ಮೇಲಿದೆ, ಆರ್‌ಟಿಎಕ್ಸ್ 4050, 105 ವ್ಯಾಟ್. ರ‍್ಯಾಮ್ 16 ಜಿಬಿಯ ಒಂದೇ ಪಟ್ಟಿ, ಪಕ್ಕದ ಸ್ಲಾಟ್ ಖಾಲಿ. ಆಟದಲ್ಲಿ ಇವೆರಡರ ವೇಗ ಹೆಚ್ಚುಕಡಿಮೆ ಒಂದೇ ಆಗುತ್ತದೆ, 4060 ಎಂಬ ಹೆಸರಿಗೆ ಕೊಟ್ಟ ಹೆಚ್ಚಿನ ದುಡ್ಡು ಆಟದಲ್ಲಿ ಕಾಣುವುದಿಲ್ಲ. ನಾನಾದರೆ ಎರಡನೆಯದನ್ನೇ ಹಿಡಿಯುತ್ತೇನೆ, ಮುಖ್ಯವಾಗಿ ಆ ಖಾಲಿ ಸ್ಲಾಟಿಗಾಗಿ. ಒಂದೇ ಪಟ್ಟಿಯಿದ್ದಾಗ ಪ್ರೊಸೆಸರಿಗೂ ರ‍್ಯಾಮ್‌ಗೂ ನಡುವಿನ ದಾರಿ ಅರ್ಧ ಮಾತ್ರ ತೆರೆದಿರುತ್ತದೆ, ಆಟ ನಡುನಡುವೆ ಮುಗ್ಗರಿಸುತ್ತದೆ. ಮುಂದೆ ಕೈಯಲ್ಲಿ ದುಡ್ಡಾದಾಗ ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ ಊರಿನ ಕಂಪ್ಯೂಟರ್ ಅಂಗಡಿಯಲ್ಲೋ ಅಂಥದೇ ಇನ್ನೊಂದು ಪಟ್ಟಿ ಕೂರಿಸಿದರೆ ಮುಗ್ಗರಿಕೆ ಇಳಿಯುತ್ತದೆ, ಓದಿಗೂ 32 ಜಿಬಿ ಆಗುತ್ತದೆ. ಬೆಸೆದ ರ‍್ಯಾಮ್‌ಗೆ ಆ ದಾರಿಯೇ ಇಲ್ಲ.

ಈ ಆಯ್ಕೆಗೂ ಮಿತಿಗಳಿವೆ. 4050ಕ್ಕೆ ಇರುವ ಸ್ವಂತ ಮೆಮೊರಿ 6 ಜಿಬಿ, 4060ಕ್ಕೆ 8. ವ್ಯಾಲೊರಂಟ್, ಜಿಟಿಎ 5 ಥರದ ಆಟಗಳಿಗೆ 6 ಧಾರಾಳ. ಈಚಿನ ದೊಡ್ಡ ಆಟಗಳಲ್ಲಿ ಟೆಕ್ಸ್ಚರ್ ಗುಣಮಟ್ಟ ಒಂದು ಮೆಟ್ಟಿಲು ಇಳಿಸಬೇಕಾಗುತ್ತದೆ. ಅಂಥವನ್ನೇ ಹೆಚ್ಚು ಆಡುವವರು 100 ವ್ಯಾಟ್ ದಾಟಿದ 4060 ಹುಡುಕುವುದು ಒಳ್ಳೆಯದು. ಭಾರದ ಚಾರ್ಜರನ್ನೂ ದಿನಾ ಹೊರಬೇಕು, ಏಕೆಂದರೆ ಪ್ಲಗ್ ತೆಗೆದರೆ ಯಾವ ಗೇಮಿಂಗ್ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ಪೂ ಅರೆಜೀವವಾಗುತ್ತದೆ.

ಲ್ಯಾಪ್‌ಟಾಪ್ ಮನೆಗೆ ಬಂದ ಮೇಲೆ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು ಪರೀಕ್ಷೆ ಮಾಡಿಬಿಡಬೇಕು. ಟಾಸ್ಕ್ ಮ್ಯಾನೇಜರಿನ Performance ಪುಟದಲ್ಲಿ Memory ಒತ್ತಿದರೆ Slots used ಎಂಬ ಸಾಲು ರ‍್ಯಾಮ್ ಪಟ್ಟಿಗಳ ಕಥೆ ಹೇಳುತ್ತದೆ. ಸಾಲಿಡ್ ಎಡ್ಜ್‌ನಲ್ಲಿ ಮಾದರಿ ತಿರುಗಿಸುವಾಗ ತಡವರಿಸಿದರೆ ಅದು ಪ್ರೊಸೆಸರಿನೊಳಗಿನ ಪುಟ್ಟ ಗ್ರಾಫಿಕ್ಸಿನ ಮೇಲೆ ಓಡುತ್ತಿರಬಹುದು. ವಿಂಡೋಸ್ ಸೆಟ್ಟಿಂಗ್ಸ್‌ನ Display, ಅದರೊಳಗಿನ Graphics ಪುಟದಲ್ಲಿ ಆ ತಂತ್ರಾಂಶಕ್ಕೆ High performance ಆರಿಸಬೇಕು. ವ್ಯಾಟ್ ನೋಡಲು ಚಾರ್ಜರ್ ಸಿಕ್ಕಿಸಿ, ತಯಾರಕರ ಆ್ಯಪಿನಲ್ಲಿ ಪರ್ಫಾರ್ಮೆನ್ಸ್ ಮೋಡ್ ಹಾಕಿ, ಭಾರೀ ಆಟವೊಂದನ್ನು ಅರ್ಧ ಗಂಟೆ ಓಡಿಸುತ್ತ ಕಮಾಂಡ್ ಪ್ರಾಂಪ್ಟಿನಲ್ಲಿ ಇದನ್ನು ಟೈಪ್ ಮಾಡಬೇಕು:

```
nvidia-smi -l 5
```

ಐದು ಸೆಕೆಂಡಿಗೊಮ್ಮೆ ಚಿಪ್ಪು ಎಷ್ಟು ವ್ಯಾಟ್ ಎಳೆಯುತ್ತಿದೆ, ಎಷ್ಟು ಬಿಸಿಯಾಗಿದೆ ಎಂದು ತೋರುತ್ತದೆ. ಆಟ ಭಾರವಾಗಿದ್ದು ಚಿಪ್ಪಿನ ಬಳಕೆ ನೂರರ ಹತ್ತಿರವಿದ್ದಾಗ 105 ವ್ಯಾಟಿನ ಲ್ಯಾಪ್‌ಟಾಪ್ ನೂರರ ಸುತ್ತ ನಿಂತರೆ ಸರಿಯಿದೆ. ಮೊದಲು ನೂರು ತೋರಿಸಿ ಹತ್ತು ನಿಮಿಷದಲ್ಲಿ ಅರುವತ್ತಕ್ಕೆ ಇಳಿದು ಅಲ್ಲೇ ಉಳಿದರೆ ಶಾಖ ಹೊರಗೆ ಹೋಗುತ್ತಿಲ್ಲ. ಹಾಸಿಗೆಯ ಮೇಲಿಂದ ಮೇಜಿಗೆ ತಂದು, ಹಿಂಬದಿಯನ್ನು ಸ್ವಲ್ಪ ಎತ್ತರಿಸಿ ಮತ್ತೆ ಓಡಿಸಬೇಕು. ಆಗಲೂ ಏರದಿದ್ದರೆ ಆ ಅಂಕಿಗಳ ಫೋಟೋ ತೆಗೆದುಕೊಂಡು, ಅವಧಿಯೊಳಗೇ ಅಂಗಡಿಗೆ ಹೋಗಿ ಬದಲಿ ಕೇಳಬೇಕು.